ಎಪ್ಪತ್ತೆರಡು ಎಲ್ಲಿಂದ ಬಂತು?

ಗಣಿತದ ತರಗತಿಯಲ್ಲಿ ಕಲಿತ ಸೂತ್ರಗಳಲ್ಲಿ ಕಾಗದ, ಪೆನ್ನು ಇಲ್ಲದೆಯೂ ಬಳಸಬಹುದಾದದ್ದು ಎಪ್ಪತ್ತೆರಡರ ಸೂತ್ರ. ಚಕ್ರಬಡ್ಡಿಯಲ್ಲಿ ಅಸಲು ಎರಡರಷ್ಟಾಗಲು ಎಷ್ಟು ವರ್ಷ ಬೇಕೆಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸಿದರಾಯಿತು. ಶೇಕಡಾ 8 ಆದರೆ 9 ವರ್ಷ, ಶೇಕಡಾ 6 ಆದರೆ 12 ವರ್ಷ. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಈ ಸೂತ್ರವನ್ನು ಹೇಳಿದ್ದಾನೆ. ಅದು ಹೇಗೆ ಬಂತೆಂದು ಮಾತ್ರ ಬಿಡಿಸಿ ಹೇಳಿಲ್ಲ. ನಮ್ಮ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರು. ಆ ಬಿಡಿಸುವಿಕೆ ಗೊತ್ತಿದ್ದವರಿಗೆ ಸೂತ್ರ ಎಲ್ಲಿ ತಪ್ಪುತ್ತದೆ ಎಂಬುದೂ ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ನೆನಪಿಸಿಕೊಳ್ಳುತ್ತಿದ್ದೇನೆ.

ಬಡ್ಡಿದರವನ್ನು ದಶಮಾಂಶದಲ್ಲಿ r ಎನ್ನೋಣ; ಶೇಕಡಾ 8 ಎಂದರೆ r = 0.08. ಒಂದು ರೂಪಾಯಿ ಅಸಲು t ವರ್ಷದಲ್ಲಿ ಎರಡಾಗಬೇಕಾದರೆ

```
(1 + r)^t = 2
t = ln 2 / ln(1 + r)
```

ಮೇಲಿರುವ ln 2ರ ಬೆಲೆ 0.693. ಕೆಳಗಿರುವ ln(1 + r) ಚಿಕ್ಕ ದರಗಳಲ್ಲಿ ಹೆಚ್ಚುಕಡಿಮೆ r ಇದ್ದಷ್ಟೇ ಇರುತ್ತದೆ. ಹಾಗೆಂದು r ಅನ್ನೇ ಇಟ್ಟುಬಿಟ್ಟರೆ ಸಿಗುವುದು ಎಪ್ಪತ್ತೆರಡರ ಸೂತ್ರವಲ್ಲ, 69.3ರ ಸೂತ್ರ. ಇಲ್ಲಿಗೆ ಬಂದಾಗ ಇಡೀ ತರಗತಿಗೆ ಏಳುವ ಪ್ರಶ್ನೆ ಒಂದೇ: ಉಳಿದ 2.7 ಎಲ್ಲಿಂದ ಬಂತು?

ಉತ್ತರ ಆ "ಹೆಚ್ಚುಕಡಿಮೆ"ಯಲ್ಲಿದೆ. ln(1 + r) ಯಾವಾಗಲೂ r ಗಿಂತ ಸ್ವಲ್ಪ ಕಡಿಮೆ. ಸರಿಸುಮಾರು r − r²/2. ಛೇದ ಕಡಿಮೆಯಾದರೆ ಭಾಗಲಬ್ಧ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು 69.3ನ್ನು (1 + r/2) ರಿಂದ ಗುಣಿಸಬೇಕು. ಶೇಕಡಾ 8ರಲ್ಲಿ r/2 ಎಂದರೆ 0.04, 69.3 × 1.04 = 72.07. ಅಂದರೆ 72 ಎಂಬುದು ಶೇಕಡಾ 8ರ ಆಸುಪಾಸಿನ ದರಕ್ಕೆ ಹೊಂದಿಸಿದ ಸಂಖ್ಯೆ. ಅದು 2, 3, 4, 6, 8, 9, 12 ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುವುದು ಬಾಯಿಲೆಕ್ಕಕ್ಕೆ ಸಿಕ್ಕ ಅನುಕೂಲ. 1.08ನ್ನು ಒಂಬತ್ತು ಸಲ ಗುಣಿಸಿ ನೋಡಿ, 1.999 ಬರುತ್ತದೆ.

ಶೇಕಡಾ 8ರಿಂದ ದೂರ ಹೋದಷ್ಟೂ ಸೂತ್ರ ಸಡಿಲವಾಗುತ್ತದೆ. ಶೇಕಡಾ 24 ತೆಗೆದುಕೊಳ್ಳಿ. 72 ÷ 24 = 3 ವರ್ಷ ಎನ್ನುತ್ತದೆ ಸೂತ್ರ. ಗುಣಿಸಿಯೇ ನೋಡೋಣ: ಮೊದಲ ವರ್ಷದ ಕೊನೆಗೆ 1.24, ಎರಡನೆಯದಕ್ಕೆ 1.5376, ಮೂರನೆಯದಕ್ಕೆ 1.9066. ಎರಡು ಮುಟ್ಟಲೇ ಇಲ್ಲ. ನಿಜವಾದ ಅವಧಿ 3.22 ವರ್ಷ. ಕಡಿಮೆ ದರದಲ್ಲಿ ತಪ್ಪು ಮತ್ತೊಂದು ಕಡೆಗೆ ವಾಲುತ್ತದೆ: ಶೇಕಡಾ 2ಕ್ಕೆ ಸೂತ್ರ 36 ವರ್ಷ ಕೊಡುತ್ತದೆ, ಬೇಕಾಗುವುದು 35 ವರ್ಷ.

ಇದನ್ನು ತಿದ್ದುವುದು ಸುಲಭ. ದರ ಶೇಕಡಾ ಒಂದರಷ್ಟು ಏರಿದಾಗ 69.3 × r/2 ಎಂಬ ಭಾಗ ಸುಮಾರು 0.35ರಷ್ಟು ಏರುತ್ತದೆ, ಮೂರು ಏರಿದರೆ ಸುಮಾರು 1. ಆದ್ದರಿಂದ ದರ 8ಕ್ಕಿಂತ ಪ್ರತಿ ಮೂರು ಹೆಚ್ಚಿದಂತೆ 72ಕ್ಕೆ ಒಂದು ಕೂಡಿಸಿ, ಮೂರು ಇಳಿದಂತೆ ಒಂದು ಕಳೆಯಿರಿ. ಶೇಕಡಾ 24 ಎಂದರೆ 8ಕ್ಕಿಂತ 16 ಹೆಚ್ಚು. 16ರ ಮೂರನೇ ಒಂದು ಭಾಗ 5.33. 77.33 ÷ 24 = 3.22. ಶೇಕಡಾ 2ಕ್ಕೆ ಎರಡು ಕಳೆದರೆ 70, ಅಂದರೆ ಸರಿಯಾಗಿ 35 ವರ್ಷ. ಇಷ್ಟು ಚಿಕ್ಕ ತಿದ್ದುಪಡಿ ಇಷ್ಟು ದೂರದವರೆಗೆ ಕೈಹಿಡಿಯುವುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ.

ದರ ಸರಿಯಾಗಿದ್ದೂ ಉತ್ತರ ತಪ್ಪುವ ಸಂದರ್ಭ ಒಂದಿದೆ, ಹೆಚ್ಚಿನವರು ಎಡವುವುದು ಇಲ್ಲೇ. ವಾರ್ಷಿಕ ದರ ಶೇಕಡಾ 8 ಎಂದು ಬರೆದಿದ್ದರೂ ಬಡ್ಡಿಯನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸುತ್ತಿದ್ದರೆ, ಸೂತ್ರದ r ಒಂದು ತಿಂಗಳ ದರ, ಅಂದರೆ 0.0067. r/2 ತೀರಾ ಚಿಕ್ಕದಾಗುವುದರಿಂದ ಬಳಸಬೇಕಾದ ಸಂಖ್ಯೆ 69.3ರ ಹತ್ತಿರಕ್ಕೇ ಇಳಿದು 69.5ರ ಸುಮಾರಿಗೆ ನಿಲ್ಲುತ್ತದೆ. ಅದನ್ನು 8ರಿಂದ ಭಾಗಿಸಿದರೆ 8.69, ಒಂಬತ್ತು ವರ್ಷವಲ್ಲ, ಎಂಟು ವರ್ಷ ಎಂಟು ತಿಂಗಳು. ಸರಳ ಬಡ್ಡಿಗೆ ಈ ಸೂತ್ರವೇ ಸಲ್ಲದು. ಅಲ್ಲಿ 100ನ್ನು ದರದಿಂದ ಭಾಗಿಸಬೇಕು, ಶೇಕಡಾ 8ಕ್ಕೆ ಹನ್ನೆರಡೂವರೆ ವರ್ಷ.

ಏರುವುದರ ಬದಲು ಇಳಿಯುವ ಮೊತ್ತಕ್ಕೂ ಇದನ್ನು ಹಚ್ಚುವವರಿದ್ದಾರೆ: ಒಂದು ವಸ್ತುವಿನ ಬೆಲೆ ವರ್ಷಕ್ಕೆ ಶೇಕಡಾ 8ರಂತೆ ಕುಸಿದರೆ ಅರ್ಧವಾಗುವುದು ಯಾವಾಗ? ಇಲ್ಲಿ r ಋಣವಾಗುವುದರಿಂದ 69.3ಕ್ಕೆ ಕೂಡಿಸುತ್ತಿದ್ದ 2.8ನ್ನು ಕಳೆಯಬೇಕು. 66.5 ÷ 8 = 8.31 ವರ್ಷ. 72 ಹಿಡಿದು ಲೆಕ್ಕ ಹಾಕಿದವರು ಒಂಬತ್ತನೇ ವರ್ಷದ ಕೊನೆಯವರೆಗೆ ಕಾಯುತ್ತಾರೆ, ಅಷ್ಟರಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ, 0.47ಕ್ಕೆ ಇಳಿದಿರುತ್ತದೆ.