ಮೊದಲು ಯಾರಿಗೆ ಹೇಳ್ತೀಯ?

ಇವತ್ತು ಅವನು ಮಂಗಳೂರಿಂದ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ತಂದ. ಅವರಮ್ಮ ಮಾಡಿದ್ದು. ನನಗಿಷ್ಟ ಅಂತ ನೆವ್ರಿಯನ್ನೆಲ್ಲ ಆರಿಸಿ ಬೇರೆ ಡಬ್ಬಕ್ಕೆ ಹಾಕಿದ್ದಾನೆ. ಡಬ್ಬದ ಮೇಲೆ ಅಮ್ಮ ಅಂಟಿಸಿದ ಚೀಟಿ: 'ಆಫೀಸಿನವರಿಗೆ'.

ನಮ್ಮ ಮದುವೆ ವಿಷಯ ಮನೆಯಲ್ಲಿ ಹೇಳಿದೆಯಾ ಅಂದೆ. "ಹೇಳ್ತೀನಿ ಮಾರಾಯ್ತಿ, ಟೈಮ್ ಬರಲಿ" ಅಂತ ಕೈ ಹಿಡಿದುಕೊಂಡ.

ಅವನ ಪ್ರೀತಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಹೆದರಿಕೆ ಇರುವವರ ಮಾತಲ್ಲಿ ಒಬ್ಬರಾದರೂ ಇರ್ತಾರೆ, ಅಲ್ವಾ? ಅಪ್ಪ ಸಿಟ್ಟಾಗ್ತಾರೆ, ಅಜ್ಜಿ ಊಟ ಬಿಡ್ತಾರೆ, ಹೀಗೆ. ಇವನ ಮಾತಲ್ಲಿ ಯಾರೂ ಇಲ್ಲ, ಬರೀ ಟೈಮ್. ಮನೆಯಲ್ಲಿ ಹೇಳಬೇಕಾದ ಮಾತನ್ನು ಅವನು ಮನಸ್ಸಲ್ಲೂ ಇನ್ನೂ ಆಡಿ ನೋಡಿಲ್ಲ ಅನ್ನಿಸ್ತು.

ಯಾರೂ ಧರ್ಮ ಬದಲಿಸೋದು ಬೇಡ, ವಿಶೇಷ ವಿವಾಹ ಕಾಯ್ದೆಯಲ್ಲಿ ಆಗೋಣ ಅಂತ ಅವನೇ ಹೇಳಿದ್ದು. ಅದರಲ್ಲಿ ನಾವು ಕೊಡೋ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ. ಆಕ್ಷೇಪಣೆಗೆ 30 ದಿನ. ಅವನ ಕಾಯಂ ವಿಳಾಸ ಮಂಗಳೂರು, ಹಾಗಾಗಿ ಅಲ್ಲಿಗೂ ಒಂದು ಪ್ರತಿ ಹೋಗುತ್ತೆ. ಯಾರೋ ಪರಿಚಯದವರು ಅದನ್ನು ಓದಿ ಅಮ್ಮನಿಗೆ ಹೇಳಬಾರದು. ಮಗನೇ ಹೇಳಬೇಕು.

ಹೋಗಲಿ, ಮೊದಲು ಅಕ್ಕನಿಗಾದರೂ ಹೇಳು ಅಂದೆ. ಸುಮ್ನೆ ಕೂತಿದ್ದು ಆಮೇಲೆ, ಭಾನುವಾರ ಫೋನ್ ಮಾಡ್ತೀನಿ ಅಂದ.