ಅಪ್ಪನ ಪಾದದ ಗಾಯದ ಲೆಕ್ಕ

ಡೊಂಬಿವಿಲಿಯ ಮನೆಗೆ ಬಂದು ಅಪ್ಪನ ಪಾದದ ಸಕ್ಕರೆ ಕಾಯಿಲೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಬರೆದ ನೋಟ್‌ಬುಕ್ ಹಿಡಿದು ನಿನ್ನೆ ರಾತ್ರಿ ಕೂತೆ. ತಾರೀಖು, ಉದ್ದ, ಅಗಲ, ಸ್ರಾವ, ಡ್ರೆಸ್ಸಿಂಗ್ ಯಾವುದು, ಇಷ್ಟೇ ಕಾಲಂ. 3ನೇ ತಾರೀಖು 4×3 ಸೆಂ.ಮೀ., 10ಕ್ಕೆ 3.6×2.8. 17ಕ್ಕೆ ಇದ್ದಕ್ಕಿದ್ದಂತೆ 4.2×3.2! ಎದೆ ಧಸಕ್ಕೆಂದಿತು.

ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇತ್ತು: ಸತ್ತ ಚರ್ಮ ತೆಗೆದ ಮೇಲಿನ ಅಳತೆ. ಗಾಯ ಬೆಳೆದಿರಲಿಲ್ಲ, ಮುಚ್ಚಿಕೊಂಡಿದ್ದ ಅಂಚು ಈಗ ಕಾಣಿಸಿತ್ತು. ಅದಕ್ಕೇ ‘ಟಿಪ್ಪಣಿ’ ಅಂತ ಇನ್ನೊಂದು ಕಾಲಂ ಸೇರಿಸಿದೆ. 31ಕ್ಕೆ 3×2. ಉದ್ದ ಅಗಲ ಗುಣಿಸಿದರೆ 12 ಇದ್ದದ್ದು 6, ನಾಲ್ಕು ವಾರಕ್ಕೆ ಅರ್ಧ. ಇಂಥ ಗಾಯದಲ್ಲಿ ಡಾಕ್ಟರು ನೋಡುವುದೂ ಇದನ್ನೇ. ಅಷ್ಟು ಇಳಿಯದಿದ್ದರೆ ಚಿಕಿತ್ಸೆಯನ್ನೇ ಮತ್ತೆ ಯೋಚಿಸುತ್ತಾರೆ.

ಸ್ರಾವದ ಕಾಲಂ ಮಾತ್ರ ಸುಮ್ನೆ ನಂಬುವ ಹಾಗಿಲ್ಲ. 20ರಿಂದ ‘ಕಡಿಮೆ’ ಅಂತಿದೆ, ಆದರೆ ಅವತ್ತೇ ಗಾಜ್ ಬಟ್ಟೆ ಬಿಟ್ಟು ಫೋಮ್ ಡ್ರೆಸ್ಸಿಂಗ್ ಹಾಕಿದ್ದಾರೆ. ಫೋಮ್ ಜಾಸ್ತಿ ಹೀರುತ್ತೆ, ಹೊರಗೆ ಒಣಗಿದಂತೆ ಕಾಣುತ್ತೆ ಅಲ್ವಾ? ಅಲ್ಲಿ ಅಡ್ಡ ಗೆರೆ ಎಳೆದೆ. ಸಿಸ್ಟರ್ ಬರೆಯದ ಎರಡು ದಿನ ಖಾಲಿಯೇ ಬಿಟ್ಟೆ, ‘ಇಲ್ಲ’ ಅಂತ ತುಂಬಲಿಲ್ಲ.

ಬೆಳಿಗ್ಗೆ ಅಪ್ಪ ಕನ್ನಡಕ ಹಾಕಿಕೊಂಡು 12ರಿಂದ 6ರವರೆಗೆ ಬೆರಳಿಟ್ಟು ಎರಡು ಸಲ ಓದಿದರು.