ಕಪ್ಪೆಗಳು ಸುಮ್ಮನಾದ ಮೇಲೆ: ನಮ್ಮ ಬಾನುಲಿ ನಾಟಕದ ಕೆಲಸ ಎಲ್ಲಿಗೆ ಬಂತು

ಜೂನ್, ಎರಡನೆಯ ವಾರ

ಹದಿನೆಂಟು ನಿಮಿಷದ ನಾಟಕದ ಬರವಣಿಗೆ ಮುಗಿಯಿತು. ಕಥೆ ಚಿಕ್ಕದು. ಮಲೆನಾಡಿನ ಒಂಟಿ ಮನೆ, ಮಳೆಗಾಲದ ರಾತ್ರಿ, ಕರೆಂಟ್ ಇಲ್ಲ. ಮನೆಯಲ್ಲಿ ಇರುವವರು ಮಾವ ಮತ್ತು ಸೊಸೆ ಜಾನಕಿ, ಇಬ್ಬರೇ. ಸಂಜೆ ಹಳ್ಳದಾಚೆಯ ಪೇಟೆಗೆ ಹೋದ ಮಗ ಇನ್ನೂ ಮರಳಿಲ್ಲ. ಹಳ್ಳದ ಮೇಲೆ ಅಡಿಕೆ ಮರದ ಸಂಕವಿದೆ. ನೀರು ಏರುತ್ತಿದೆ.

ಕರೆಂಟ್ ಹೋದದ್ದು ಮಳೆಗಾಲದ ಸಹಜ ಸಂಗತಿಯಾದರೂ ನಾನು ಅದನ್ನು ಬೇಕೆಂದೇ ಇಟ್ಟುಕೊಂಡೆ. ಬಿಬಿಸಿ 1924ರ ಜನವರಿಯಲ್ಲಿ ರಿಚರ್ಡ್ ಹ್ಯೂಸ್ ಬಾನುಲಿಗೆಂದೇ ಬರೆದ ನಾಟಕವೊಂದನ್ನು ಪ್ರಸಾರ ಮಾಡಿತು. ಅದು ನಡೆಯುವುದು ವೇಲ್ಸ್‌ನ ಕಲ್ಲಿದ್ದಲು ಗಣಿಯೊಳಗೆ, ದೀಪಗಳು ಆರಿಹೋದ ಮೇಲೆ. ಕೇಳುವವರಿಗೂ ಕತ್ತಲೆ, ಪಾತ್ರಗಳಿಗೂ ಕತ್ತಲೆ. ಹೀಗಾದಾಗ ಪಾತ್ರಗಳು ‘ಅದೇನು ಸದ್ದು?’ ಎಂದು ಕೇಳಿದರೆ ಅದು ಕೇಳುಗರಿಗಾಗಿ ಕೊಟ್ಟ ವಿವರಣೆಯಂತೆ ತೋರುವುದಿಲ್ಲ. ಅವರಿಗೂ ಕಿವಿಯೊಂದೇ ದಿಕ್ಕು. ನೂರು ವರ್ಷ ಹಳೆಯದಾದ ಈ ಉಪಾಯ ಇವತ್ತಿಗೂ ನಿಲ್ಲುತ್ತದೆ ಎಂಬ ನಂಬಿಕೆಯಿಂದಲೇ ನಾನು ಬರೆಯಲು ಕೂತದ್ದು.

ಕರಡಿನ ಮೊದಲ ಪುಟದಲ್ಲಿ ಇವರಿಬ್ಬರೂ ಯಾರು ಎಂದು ಹೇಳುವ ನಾಲ್ಕು ಸಾಲಿನ ನಿರೂಪಣೆ ಇತ್ತು. ಅದನ್ನು ಹೊಡೆದುಹಾಕಿದೆ. ಜಾನಕಿ, ‘ಮಾವ, ಅವರು ಇನ್ನೂ ಬಂದಿಲ್ಲ’ ಎನ್ನುತ್ತಾಳೆ. ಮುದುಕರು, ‘ಬರುತ್ತಾನೆ, ಬಾಗಿಲು ಹಾಕಬೇಡ’ ಎನ್ನುತ್ತಾರೆ. ಒಬ್ಬನೇ ಮನುಷ್ಯ ಒಬ್ಬರ ಬಾಯಲ್ಲಿ ‘ಅವರು’, ಇನ್ನೊಬ್ಬರ ಬಾಯಲ್ಲಿ ‘ಬರುತ್ತಾನೆ’. ಅಲ್ಲಿಗೆ ಇಡೀ ಮನೆಯ ಸಂಬಂಧ ಗೊತ್ತಾಯಿತು. ಕ್ರಿಯಾಪದದ ಕೊನೆಯಲ್ಲೇ ಗಂಡು, ಹೆಣ್ಣು, ಮರ್ಯಾದೆ ಎಲ್ಲವನ್ನೂ ಹೇಳಿಬಿಡುವ ನಮ್ಮ ಭಾಷೆ ಬಾನುಲಿಗೆ ಎಷ್ಟು ಒದಗಿಬರುತ್ತದೆ ಎಂಬುದು ನನಗೆ ತಿಳಿದದ್ದು ಆ ನಿರೂಪಣೆಯನ್ನು ತೆಗೆದ ಮೇಲೆಯೇ.

ಜೂನ್, ಮೂರನೆಯ ವಾರ

ಧ್ವನಿಮುದ್ರಣ ಮಾಡಿದ್ದು ನಮ್ಮ ಮನೆಯ ಒಳಕೋಣೆಯಲ್ಲಿ. ಗೋಡೆಗಳಿಗೆ ಕಂಬಳಿ, ಜಮಖಾನಗಳನ್ನು ಇಳಿಬಿಟ್ಟು, ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು ಕೂತೆವು. ಮಾವನ ಪಾತ್ರ ನಿವೃತ್ತ ಮೇಷ್ಟ್ರೊಬ್ಬರದು. ಜಾನಕಿಯ ಪಾತ್ರ ಪಕ್ಕದ ಬೀದಿಯ ಹುಡುಗಿಯದು.

ಮೈಕ್ ಮತ್ತು ಬಾಯಿಯ ನಡುವಿನ ದೂರವೇ ಇಲ್ಲಿ ರಂಗಸ್ಥಳ. ಒಂದು ಗೇಣಿನ ದೂರದಲ್ಲಿ ಮೆಲ್ಲಗೆ ಮಾತಾಡಿದರೆ ಧ್ವನಿಯ ಕೆಳಸ್ತರ ತುಂಬಿಕೊಂಡು, ಆ ಮಾತು ಕೇಳುಗನ ಕಿವಿಯಲ್ಲೇ ಹೇಳಿದಂತಾಗುತ್ತದೆ. ಇದನ್ನು ಜಾನಕಿ ತನ್ನಷ್ಟಕ್ಕೆ ಆಡಿಕೊಳ್ಳುವ ಎರಡೇ ಸಾಲುಗಳಿಗೆ ಉಳಿಸಿಕೊಂಡೆವು. ಮೊಳದಷ್ಟು ದೂರ ಇಬ್ಬರ ಸಂಭಾಷಣೆಗೆ. ಅಡುಗೆಮನೆಯಿಂದ ಕೂಗಿ ಹೇಳುವ ಮಾತಿಗೆ ಆಕೆ ಐದಾರು ಅಡಿ ಹಿಂದೆ ಸರಿದು, ಮೈಕಿಗೆ ಓರೆಯಾಗಿ ನಿಂತಳು. ಧ್ವನಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತಗ್ಗಿಸಿದರೆ ಸಾಲದೇ ಎಂದು ಮೇಷ್ಟ್ರು ಕೇಳಿದರು. ಮಾಡಿ ತೋರಿಸಿದೆ. ತಗ್ಗಿಸಿದ ಧ್ವನಿ ಹತ್ತಿರದಲ್ಲೇ ಕೂತು ಪಿಸುಗುಟ್ಟಿದಂತಿತ್ತೇ ಹೊರತು ದೂರದಿಂದ ಬಂದಂತಿರಲಿಲ್ಲ. ದೂರ ನಿಂತವರ ದನಿಗೆ ಕೋಣೆಯ ಮಾರ್ದನಿ ಸೇರಿರುತ್ತದೆ, ದನಿ ಎತ್ತಿದಾಗಿನ ಗಂಟಲಿನ ಬಿಗಿ ಇರುತ್ತದೆ. ಧ್ವನಿ ತಗ್ಗಿಸಿದ ಮಾತ್ರಕ್ಕೆ ಅವೆರಡೂ ಬರುವುದಿಲ್ಲ.

ಇನ್ನೊಂದು ತೊಂದರೆ ಓದಿಸಿ ನೋಡಿದಾಗ ಹೊರಬಿತ್ತು. ಮಾವ ಒಂದು ನಿಮಿಷ ತಮ್ಮ ಹಳೆಯ ನೆನಪು ಹೇಳುತ್ತಾರೆ. ಅಷ್ಟು ಹೊತ್ತು ಮಾತಿಲ್ಲದ ಜಾನಕಿ ಕೇಳುಗರ ಮನಸ್ಸಿನಲ್ಲಿ ಕೋಣೆಯಿಂದ ಎದ್ದುಹೋಗಿಬಿಟ್ಟಿದ್ದಳು. ಮತ್ತೆ ಮಾತಾಡಿದಾಗ ‘ಇವಳು ಯಾವಾಗ ಬಂದಳು?’ ಎಂದು ನನ್ನ ತಂಗಿ ಕೇಳಿದಳು. ಸುಮ್ಮನಿರುವ ಪಾತ್ರಕ್ಕೂ ಏನಾದರೂ ಸದ್ದು ಬೇಕು. ಈಗ ಆ ನೆನಪಿನುದ್ದಕ್ಕೂ ಜಾನಕಿ ಅಕ್ಕಿ ಆರಿಸುತ್ತಾಳೆ. ಮೊರದ ಮೇಲೆ ಅಕ್ಕಿ ಸರಿಯುವ ಸದ್ದು, ನಡುವೆ ಬಳೆ. ಮಾವ ‘ಸಂಕ’ ಎಂಬ ಮಾತೆತ್ತಿದಾಗ ಅಕ್ಕಿಯ ಸದ್ದು ನಿಲ್ಲುತ್ತದೆ. ಒಂದು ಮಾತೂ ಇಲ್ಲದೆ ಆಕೆಯ ಭಯ ಅಲ್ಲಿ ಕೇಳಿಸುತ್ತದೆ.

ಮಳೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಯಲಿನಲ್ಲಿ ರೆಕಾರ್ಡರ್ ಹಿಡಿದು ಹಿಡಿದ ಮಳೆ ಬಾಣಲೆಯಲ್ಲಿ ಏನೋ ಕರಿಯುತ್ತಿರುವ ಹಾಗೆ ಕೇಳಿಸಿತು. ಮಳೆಗೆ ತನ್ನದೆಂಬ ಸದ್ದು ಕಡಿಮೆ. ಅದು ಬೀಳುವ ವಸ್ತುವಿನ ಸದ್ದೇ ನಮಗೆ ಮಳೆ. ಅಂಗಳದಲ್ಲಿ ಅಡಿಕೆ ಹಾಳೆ, ತಗಡಿನ ಚೂರು, ನೀರು ತುಂಬಿದ ಬಕೆಟ್ ಇಟ್ಟು ಮೂರನ್ನೂ ಬೇರೆ ಬೇರೆ ಹಿಡಿದು ಕೂಡಿಸಿದಾಗ ಮನೆಯೊಂದರ ಮೇಲೆ ಸುರಿಯುವ ಮಳೆಯಾಯಿತು. ಮಾತಿನಡಿ ಅದನ್ನು ಚೆನ್ನಾಗಿ ತಗ್ಗಿಸಲೇಬೇಕು. ಸ, ಶ, ಚ ಅಕ್ಷರಗಳ ಸದ್ದೂ ಮಳೆಯ ಸದ್ದೂ ಒಂದೇ ಜಾಗಕ್ಕೆ ಗುದ್ದಾಡುತ್ತವೆ, ಸೋಲುವುದು ಅಕ್ಷರಗಳೇ.

ಜೂನ್, ಕೊನೆಯ ವಾರ

ನಾಟಕದ ತಿರುವು ಹದಿಮೂರನೆಯ ನಿಮಿಷದಲ್ಲಿದೆ. ಯಾರೋ ಸಂಕದ ಮೇಲೆ ಬರುತ್ತಿದ್ದಾರೆ ಎಂಬುದು ಅಲ್ಲಿ ತಿಳಿಯಬೇಕು. ನಾನು ಬರೆದದ್ದು ಹೆಜ್ಜೆ ಸದ್ದು. ಎರಡು ಅಡಿಕೆ ದಬ್ಬೆಗಳನ್ನು ಇಟ್ಟಿಗೆಗಳ ಮೇಲೆ ಅಡ್ಡ ಹಾಕಿ, ಒದ್ದೆ ಚಪ್ಪಲಿಯಲ್ಲಿ ನಾನೇ ನಡೆದು ಹಿಡಿದೆ. ಸದ್ದು ಅಪ್ಪಟ ಸಂಕದ್ದೇ. ಮೂವರಿಗೆ ಕೇಳಿಸಿದೆ. ಒಬ್ಬರಿಗೆ ಅದು ಬಾಗಿಲು ಬಡಿದಂತೆ, ಇನ್ನೊಬ್ಬರಿಗೆ ಕೊಟ್ಟಿಗೆಯಲ್ಲಿ ಹಸು ಗೊರಸು ಬಡಿದಂತೆ, ಮೂರನೆಯವರಿಗೆ ಸೌದೆ ಒಡೆದಂತೆ. ನಾನು ಅದನ್ನು ಸಂಕ ಎಂದು ಕೇಳಿದ್ದು ಮಾಡಿದವನು ನಾನೇ ಆದ್ದರಿಂದ. ಕಣ್ಣಿನ ನೆರವಿಲ್ಲದ ಸದ್ದಿಗೆ ಹೆಸರಿಲ್ಲ. ಅದಕ್ಕೆ ಮೊದಲೇ ಹೆಸರಿಟ್ಟು, ಕೇಳುಗರಿಗೆ ಪರಿಚಯ ಮಾಡಿಸಿರಬೇಕು.

ಎರಡು ದಿನ ಇದೇ ತಲೆಯಲ್ಲಿತ್ತು. ಅಷ್ಟರಲ್ಲಿ ಕಪ್ಪೆಗಳ ಕೂಗು ಹಿಡಿಯಲು ತೋಟದ ಕೆರೆಯ ಹತ್ತಿರ ಹೋದೆ. ನಾನು ಹತ್ತಿರವಾದಂತೆ ಕಪ್ಪೆಗಳು ಸುಮ್ಮನಾದವು. ರೆಕಾರ್ಡರನ್ನು ಒಂದು ಕಲ್ಲಿನ ಮೇಲಿಟ್ಟು, ಅದು ಓಡುತ್ತಿರುವಂತೆಯೇ ಬಿಟ್ಟು, ದೂರ ಹೋಗಿ ಕೂತೆ. ಮನೆಗೆ ಬಂದು ಕೇಳಿದಾಗ ನಾಟಕಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು: ನನ್ನ ಹೆಜ್ಜೆಗೆ ಕೂಗು ನಿಂತದ್ದು, ನಾನು ಕದಲದೆ ಕೂತ ಮೇಲೆ ಒಂದು ಕಪ್ಪೆ ಅಳುಕುತ್ತ ಶುರುಮಾಡಿದ್ದು, ಎರಡನೆಯದು ಸೇರಿದ್ದು, ಆಮೇಲೆ ಇಡೀ ಕೆರೆ.

ಹೆಜ್ಜೆಗಳನ್ನು ಪೂರಾ ತೆಗೆದುಹಾಕಿದೆ. ಈಗ ನಾಟಕ ಶುರುವಾದಾಗಿನಿಂದ ಹೊರಗೆ ಕಪ್ಪೆಗಳಿವೆ, ಎರಡು ಮಳೆಗಳ ನಡುವಿನ ಬಿಡುವಿನಲ್ಲಿ ಅವು ಮೇಲೆದ್ದು ಕೇಳುತ್ತವೆ. ನಾಲ್ಕನೆಯ ನಿಮಿಷದಲ್ಲಿ ಕೂಗು ತಟ್ಟನೆ ನಿಲ್ಲುತ್ತದೆ. ಮಾವ ಹೇಳುತ್ತಾರೆ: ‘ಕಪ್ಪೆ ಸುಮ್ಮನಾದವು ನೋಡು. ಹಳ್ಳದ ಹತ್ತಿರ ಯಾರೋ ನಡೆಯುತ್ತಿದ್ದಾರೆ.’ ಜಾನಕಿ ಎದ್ದು ಬಾಗಿಲಿಗೆ ಹೋಗುತ್ತಾಳೆ. ಕೊರಳ ಗಂಟೆಯ ಸದ್ದು. ಹಗ್ಗ ಬಿಚ್ಚಿಕೊಂಡ ಕರು. ಇಬ್ಬರೂ ನಗುತ್ತಾರೆ. ಕೇಳುಗರಿಗೆ ಇದು ಒಂದು ಸಣ್ಣ ನಿರಾಳದ ಪ್ರಸಂಗ ಅಷ್ಟೇ, ಆದರೆ ಕಪ್ಪೆಯ ಮೌನಕ್ಕೆ ಅರ್ಥವೊಂದು ಅಂಟಿಕೊಂಡಿತು. ಹದಿಮೂರನೆಯ ನಿಮಿಷದಲ್ಲಿ ಅವು ಮತ್ತೆ ನಿಲ್ಲುತ್ತವೆ. ಈ ಸಲ ಯಾರೂ ಏನೂ ಹೇಳುವುದಿಲ್ಲ.

ಜುಲೈ, ಮೊದಲ ವಾರ

ಆ ಮೌನವನ್ನು ಕಟ್ಟುವುದೇ ಈ ವಾರದ ಕೆಲಸವಾಯಿತು. ಮೊದಲ ಸಲ ಎಲ್ಲ ಟ್ರ್ಯಾಕುಗಳನ್ನೂ ಒಂದೇ ಕ್ಷಣದಲ್ಲಿ ಕತ್ತರಿಸಿ, ಐದು ಸೆಕೆಂಡ್ ಖಾಲಿ ಬಿಟ್ಟೆ. ಕೇಳಲು ಕೂತ ಐವರಲ್ಲಿ ನಾಲ್ವರು ಮೊಬೈಲ್ ಕೈಗೆತ್ತಿಕೊಂಡು ತೆರೆಯನ್ನು ನೋಡಿದರು. ಅವರ ಪಾಲಿಗೆ ನಾಟಕವೇ ನಿಂತುಹೋಗಿತ್ತು. ತಂತ್ರಾಂಶದಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಏನೆಂದರೆ ಏನೂ ಇರುವುದಿಲ್ಲ. ಮನೆಯ ಮೌನ ಹಾಗಲ್ಲ. ಎಷ್ಟೇ ನಿಶ್ಶಬ್ದವಾದ ಕೋಣೆಗೂ ತನ್ನದೇ ಒಂದು ಸಣ್ಣ ಉಸಿರಾಟವಿರುತ್ತದೆ.

ಅದಕ್ಕೆ ಅದೇ ಒಳಕೋಣೆಯಲ್ಲಿ, ನಟರಿಬ್ಬರನ್ನೂ ಕೂರಿಸಿಕೊಂಡೇ, ಯಾರೂ ಮಾತಾಡದ ಎರಡು ನಿಮಿಷ ಹಿಡಿದೆ. ಅದನ್ನು ಇಡೀ ನಾಟಕದ ಅಡಿಗೆ ಹಾಸಿದೆ. ಕಪ್ಪೆಗಳನ್ನು ಹತ್ತಿರದವು, ನಡುವಿನವು, ದೂರದವು ಎಂದು ಮೂರು ಪದರ ಮಾಡಿದೆ. ಕೆರೆಯಲ್ಲಿ ನಡೆದ ಹಾಗೆಯೇ ಇಲ್ಲೂ ಹತ್ತಿರದವು ಮೊದಲು ನಿಲ್ಲುತ್ತವೆ, ಒಂದು ಸೆಕೆಂಡಿನ ಆಚೆ ನಡುವಿನವು. ತೀರ ದೂರದವು ನಿಲ್ಲುವುದೇ ಇಲ್ಲ, ಗದ್ದೆಯಾಚೆ ಎಲ್ಲೋ ತೆಳ್ಳಗೆ ಇರುತ್ತವೆ. ಜೊತೆಗೆ ಸೋರುವ ಹಂಚಿನಡಿ ಇಟ್ಟ ಹಿತ್ತಾಳೆ ಬೋಗುಣಿಗೆ ಬೀಳುವ ಹನಿ. ಆ ಹನಿಯನ್ನೂ ಮೊದಲ ನಿಮಿಷದಿಂದಲೇ ಇಟ್ಟಿದ್ದೇನೆ, ಆದರೆ ಕಪ್ಪೆ ನಿಲ್ಲುವ ತನಕ ಯಾರ ಗಮನಕ್ಕೂ ಅದು ಬರುವುದಿಲ್ಲ. ನಿಂತ ಕೂಡಲೇ ಹನಿಯೇ ದೊಡ್ಡದಾಗಿ ಕೇಳಿಸುತ್ತದೆ, ನಾನು ಅದನ್ನು ಒಂದು ಡೆಸಿಬೆಲ್‌ನಷ್ಟೂ ಏರಿಸಿಲ್ಲ. ಮೂರು ಸೆಕೆಂಡಿಗೆ ಒಂದು ಹನಿ. ಮೌನದ ಉದ್ದವನ್ನು ಕೇಳುಗರು ಅದರಲ್ಲೇ ಅಳೆಯುತ್ತಾರೆ.

ಈಗ ಆ ಮೌನ ಹನ್ನೆರಡು ಸೆಕೆಂಡ್, ನಾಲ್ಕು ಹನಿ. ಮೊದಲಿನ ಐದು ಸೆಕೆಂಡಿಗೆ ಮೊಬೈಲ್ ನೋಡಿದವರು ಈ ಹನ್ನೆರಡಕ್ಕೆ ಅಲುಗಾಡಲಿಲ್ಲ. ಮೂರನೆಯ ಹನಿಯ ಹೊತ್ತಿಗೆ ಜಾನಕಿಯ ಉಸಿರೊಂದು ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುವುದಿಲ್ಲ. ಹುಡುಗಿ ಅದನ್ನು ಒಂದು ಗೇಣಿನ ದೂರದಲ್ಲಿ ಒಂದೇ ಸಲಕ್ಕೆ ಕೊಟ್ಟಳು.

ಆಮೇಲೆ ಬಾಗಿಲು ಬಡಿಯುವ ಸದ್ದಿಲ್ಲ. ಕರೆಯುವ ದನಿಯಿಲ್ಲ. ಒಂದು ಕಪ್ಪೆ ಕೂಗುತ್ತದೆ. ಸ್ವಲ್ಪ ತಡೆದು ಎರಡನೆಯದು.

ಇಲ್ಲಿ ಜಾನಕಿಗೆ ಒಂದು ಮಾತಿತ್ತು: ‘ಮಾವ, ಕಪ್ಪೆ ಮತ್ತೆ ಕೂಗುತ್ತಿವೆ.’ ಮೇಷ್ಟ್ರು ಅದನ್ನು ಬಿಡಲು ಒಪ್ಪಲಿಲ್ಲ, ಹಳ್ಳಿಯ ಕಡೆ ಹೋಗದವರಿಗೆ ಅರ್ಥವಾಗದು ಎಂದರು. ಎರಡೂ ರೀತಿ ಮಾಡಿ ಕೇಳಿಸಿದೆವು. ಮಾತಿದ್ದಾಗ ಕೇಳಿದವರು, ‘ಅಯ್ಯೋ ಪಾಪ’ ಎಂದರು. ಮಾತಿಲ್ಲದಾಗ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನ ಸೋದರಳಿಯ ಎರಡನೆಯ ಕಪ್ಪೆಗೇ, ‘ಅಂದರೆ ನಡೆಯುತ್ತಿದ್ದವರು ಈಗ ನಡೆಯುತ್ತಿಲ್ಲವಾ?’ ಎಂದು ನನ್ನ ಕೈ ಹಿಡಿದುಕೊಂಡ. ಮೇಷ್ಟ್ರು ತಾವೇ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದರು.

ಆ ಸಾಲಿನ ಜಾಗದಲ್ಲಿ ಮೂರು ಸದ್ದುಗಳು ಬರಬೇಕು. ಮಾವ ಊರುಗೋಲು ನೆಲಕ್ಕೆ ಊರಿ ಏಳುವುದು, ಲಾಟೀನಿನ ಗಾಜು ಎತ್ತಿದ ಸದ್ದು, ಬಾಗಿಲಿನ ಅಗುಳಿ. ಊರುಗೋಲು, ಲಾಟೀನು ಆಗಿವೆ. ಅಗುಳಿ ಮಾತ್ರ ಉಳಿದಿದೆ. ನಮ್ಮ ಮನೆಯ ಕಬ್ಬಿಣದ ಚಿಲಕ ಹಿಡಿದು ನೋಡಿದೆ, ಅದು ‘ಟಕ್’ ಎಂದು ಮುಗಿದುಹೋಗುತ್ತದೆ. ಬೇಕಾದದ್ದು ಮರದ ಅಗುಳಿ, ಮಳೆಗೆ ಉಬ್ಬಿ ಬಿಗಿಯಾದದ್ದು, ಎಳೆದಷ್ಟೂ ತಡೆಯುವಂಥದ್ದು. ಮೇಷ್ಟ್ರ ಅಕ್ಕನ ಮನೆಯಲ್ಲಿ ಅಂಥದ್ದೊಂದು ಇದೆಯಂತೆ. ಭಾನುವಾರ ಬೆಳಗಿನ ಬಸ್ಸಿಗೆ ರೆಕಾರ್ಡರ್ ಹಿಡಿದು ಹೊರಡುತ್ತೇವೆ.